ಮೊದಲ ಸುತ್ತಿನ ನೂರು ಕೋಟಿ

ಉತ್ತರ ಗೊತ್ತಿದ್ದೂ ಬೇಕೆಂದೇ ತಪ್ಪು ಗುರುತು ಮಾಡುವವರು ಇರುತ್ತಾರೆಯೇ ಎಂದು ಯಾರಾದರೂ ಕೇಳಿದರೆ, ಅವರು ಧಾರವಾಡದ ಸಪ್ತಾಪುರದ ಓದುಕೋಣೆಗಳಲ್ಲಿ ಕೂತವರಲ್ಲ ಎಂದು ತಿಳಿಯಬೇಕು. ಅಲ್ಲಿಗೆ ಬಂದವರು ಮೊದಲ ವರ್ಷ ವಿಷಯ ಕಲಿಯುತ್ತಾರೆ. ಆಮೇಲೆ ವರ್ಷಗಟ್ಟಲೆ ಕಲಿಯುವುದು ಪರೀಕ್ಷೆ ನಡೆಸುವವರ ಮನಸ್ಸನ್ನು. ಅವರಿಗೆ ಯಾವ ಗೈಡು ಇಷ್ಟ, ಯಾವ ಪ್ರಶ್ನೆಯಲ್ಲಿ ಯಾವ ತಪ್ಪನ್ನು ಸರಿ ಅಂದುಕೊಂಡಿದ್ದಾರೆ, ಹೋದ ಸಲ ಯಾವ ಆಕ್ಷೇಪಣೆಯನ್ನು ಮೂಸಿಯೂ ನೋಡದೆ ಬದಿಗಿಟ್ಟರು ಎಂಬುದೆಲ್ಲ ಅಲ್ಲಿ ಚಹಾದ ಜೊತೆಗೆ ನಡೆಯುವ ಮಾತು. ಪುಸ್ತಕದ ಉತ್ತರ ಬೇರೆ, ಪರೀಕ್ಷೆ ನಡೆಸುವವರು ಸರಿಯೆಂದು ಬಿಡುವ ಕೀ ಉತ್ತರ ಬೇರೆ ಎಂದು ಅವರು ಯಾವ ಸಂಕೋಚವೂ ಇಲ್ಲದೆ ಹೇಳುತ್ತಾರೆ. ಇಂಥ ವಿದ್ಯೆಯನ್ನು ಕಲಿಸಿದ ವ್ಯವಸ್ಥೆಗೆ ಏನು ಬೈದರೂ ಕಡಿಮೆಯೇ.

ಸ್ನೇಹಲ್ ಈ ವಿದ್ಯೆಯಲ್ಲಿ ಹಳಬಳು. ಹುಬ್ಬಳ್ಳಿಯ ಒಂದು ಸರಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತೇನೋ ಗೌರವದ್ದು. ಆದರೆ ಪ್ರತಿ ವರ್ಷವೂ ಹೊಸ ಆದೇಶ ಬರುವವರೆಗೆ ಉಸಿರು ಬಿಗಿಹಿಡಿದುಕೊಂಡು ಕೂರಬೇಕು. ಮನೆ ಗಬ್ಬೂರಿನಲ್ಲಿ, ಬೈಪಾಸಿನ ಲಾರಿಗಳ ಸದ್ದು ಅಡುಗೆಮನೆಯವರೆಗೂ ಬರುವ ಜಾಗದಲ್ಲಿ. ತಂದೆ ಗೋವಿಂದಪ್ಪ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ತಾಯಿ ಯಂಕವ್ವ ಮಗಳ ಪರೀಕ್ಷೆ ಇದ್ದ ದಿನ ಗೋಡೆಯ ಮೇಲಿನ ಬುದ್ಧನ ಪಟದ ಮುಂದೆ ದೀಪ ಹಚ್ಚಿಟ್ಟು, ಅದು ಆರದಂತೆ ಕಾಯುವವಳು. ಕಾಯಂ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಪರೀಕ್ಷೆ ಬರುವುದೇ ಅಪರೂಪ. ಈ ಸಲ ತಪ್ಪಿದರೆ ಸ್ನೇಹಲ್‌ಳ ವಯಸ್ಸು ಮಿತಿ ದಾಟುತ್ತದೆ. ಮುಂದೆ ಅರ್ಜಿ ಹಾಕುವ ಹಕ್ಕೂ ಇರುವುದಿಲ್ಲ.

ಆ ಪರೀಕ್ಷೆಯಲ್ಲೇ ಆ ಪ್ರಶ್ನೆ ಬಂತು. ಜನ ತಮ್ಮ ಕೈಗೆ ಹೆಚ್ಚಾಗಿ ಬಂದ ಪ್ರತಿ ರೂಪಾಯಿಯಲ್ಲಿ ಎಂಬತ್ತು ಪೈಸೆ ಖರ್ಚು ಮಾಡುತ್ತಾರೆ. ಬೆಲೆಗಳು ಬದಲಾಗುವುದಿಲ್ಲ, ವಿದೇಶೀ ವ್ಯಾಪಾರವಿಲ್ಲ. ಗಳಿಕೆ ಎಷ್ಟಿದ್ದರೂ ಒಂದೇ ಮೊತ್ತವಾಗಿ ಹಾಕುವ ಇಡುಗಂಟಿನ ತೆರಿಗೆಯನ್ನು ಸರಕಾರ ನೂರು ಕೋಟಿ ಕಡಿಮೆ ಮಾಡಿದರೆ ರಾಷ್ಟ್ರೀಯ ಆದಾಯ ಎಷ್ಟು ಏರುತ್ತದೆ? ಸ್ನೇಹಲ್‌ಗೆ ಇದು ನೀರು ಕುಡಿದಷ್ಟು ಸಲೀಸು. ನಾನೂರು ಕೋಟಿ. ಅದೇ ನೂರು ಕೋಟಿಯನ್ನು ಸರಕಾರ ತಾನೇ ಖರ್ಚು ಮಾಡಿದ್ದರೆ ಐನೂರು. ಇದನ್ನು ಅವಳು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಪೆನ್ನು ಉತ್ತರಪತ್ರಿಕೆಯಲ್ಲಿ ನಾನೂರರ ಎದುರಿನ ಖಾಲಿ ಸೊನ್ನೆಯ ಮೇಲೆ ಹೋಗಿ ನಿಂತಿತ್ತು ಕೂಡ.

ಅಲ್ಲೇ ಅವಳ ಬುದ್ಧಿ ಅಡ್ಡ ಬಂತು. ಹಿಂದಿನ ಸಲದ ಪರೀಕ್ಷೆಯಲ್ಲೂ ಇಂಥದೇ ಪ್ರಶ್ನೆ ಬಂದಿತ್ತು. ಅವಳು ಸರಿಯಾದದ್ದನ್ನು ಗುರುತು ಮಾಡಿದ್ದಳು. ಕೀಯಲ್ಲಿ ಸರಕಾರಿ ಖರ್ಚಿನ ಗುಣಕವನ್ನೇ, ಅಂದರೆ ಆದಾಯ ಎಷ್ಟು ಪಟ್ಟು ಏರುತ್ತದೆಂಬ ಲೆಕ್ಕವನ್ನೇ, ತೆರಿಗೆಗೂ ಅಂಟಿಸಿ ಉತ್ತರ ಕೊಟ್ಟಿದ್ದರು. ಆಕ್ಷೇಪಣೆ ಹಾಕಿದವರ ಕಾಗದ ತಿರಸ್ಕೃತವಾಗಿತ್ತು, ಅವಳ ಅಂಕ ಹೋಗಿತ್ತು, ಸ್ವಲ್ಪದರಲ್ಲೇ ಹುದ್ದೆಯೂ ಹೋಗಿತ್ತು. ಆಮೇಲೆ ಪೇಟೆಗೆ ಬಂದ ಗೈಡುಗಳೆಲ್ಲ ಆ ತಪ್ಪನ್ನೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದವು. ಒಂದೇ ಕಲ್ಲಿಗೆ ಎರಡು ಸಲ ಎಡವುವುದು ಯಾಕೆ ಎಂದುಕೊಂಡಳು ಸ್ನೇಹಲ್. ಪೆನ್ನನ್ನು ಪಕ್ಕಕ್ಕೆ ಸರಿಸಿ ಐನೂರರ ಸೊನ್ನೆಯನ್ನು ಕಪ್ಪು ಮಾಡಿದಳು. ಕೊನೆಗೂ ತಾನೂ ಜಾಣೆಯಾದೆ ಎಂದು ಒಂದಿಷ್ಟು ಹೆಮ್ಮೆಯೇ ಆಯಿತು.

ಆಕ್ಷೇಪಣೆ ಕರೆಯಲು ಮೊದಲು ಬಿಡುವ ತಾತ್ಕಾಲಿಕ ಕೀ ಹೊರಬಿದ್ದ ದಿನ ಅವಳ ಲೆಕ್ಕ ಫಲಿಸಿತು. ಐನೂರು ಎಂದೇ ಇತ್ತು. ಒಟ್ಟು ಅಂಕ ಕೂಡಿಸಿ ನೋಡಿದರೆ ಕೋಚಿಂಗಿನವರು ಅಂದಾಜು ಮಾಡಿದ್ದ ಆಯ್ಕೆಯ ಗೆರೆಯ ಮೇಲೆ ಕಾಲಿಟ್ಟಂತೆ ಇದ್ದಳು. ಆ ಒಂದು ಪ್ರಶ್ನೆ ಕಳಚಿದರೆ ಕಾಲು ಜಾರುವಷ್ಟು ಅಂಚಿನಲ್ಲಿ, ಆದರೂ ಗೆರೆಯ ಒಳಗೆ. ಅವಳು ಮನೆಯಲ್ಲಿ, "ಈ ಸಲ ಆಗಬೌದವ್ವಾ" ಎಂದಷ್ಟೇ ಹೇಳಿದಳು. ಯಂಕವ್ವನ ಕಿವಿಗೆ 'ಬಹುದು' ಎಂಬುದು ಬೀಳಲೇ ಇಲ್ಲ. ಸಂಜೆಯೊಳಗೆ ಓಣಿಗೆಲ್ಲ ಸುದ್ದಿಯಾಗಿತ್ತು.

"ನನ್ನ ಮಗಳು ಕಾಯಂ ಆದ್ಲು ನೋಡ್ರಿ. ಇನ್ನ ವರ್ಷಾ ವರ್ಷಾ ಆರ್ಡರಿಗೆ ಕಾಯೂ ಗೊಡಿವಿ ಇಲ್ಲ" ಎಂದು ಯಂಕವ್ವ ಬಾಗಿಲಲ್ಲಿ ನಿಂತು ಕಂಡವರಿಗೆಲ್ಲ ಹೇಳುತ್ತಿದ್ದಳು. ಒಳಗಿದ್ದ ಸ್ನೇಹಲ್ ತಡೆಯಲೆಂದು ಬಾಗಿಲಿನವರೆಗೆ ಬಂದವಳು ಹಾಗೇ ಹಿಂದಿರುಗಿದಳು. ಅವ್ವನ ಮುಖದ ಮೇಲೆ ಅಂಥ ಬೆಳಕು ಕಂಡು ಬಹಳ ಕಾಲವಾಗಿತ್ತು.

ಮರುದಿನ ಧಾರವಾಡದ ಓದುಕೋಣೆಗೆ ಪುಸ್ತಕ ತರಲು ಹೋದರೆ, ಮೆಟ್ಟಿಲ ಮೇಲೆಯೇ ಅಂಬರೀಷ ಕಾಯುತ್ತ ಕೂತಿದ್ದ. ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರಿನ ಹುಡುಗ. ಅವಳಿಗಿಂತ ಎಷ್ಟೋ ಚಿಕ್ಕವನು, ಅವಳ ಸಮಾಜದವನೇ, ಮೀಸಲಾತಿಯ ಅದೇ ಪಟ್ಟಿಯವನು. ಬುದ್ಧಿ ಚುರುಕಲ್ಲ, ಹಟ ಬಲು ಜಾಸ್ತಿ. ಅರ್ಥಶಾಸ್ತ್ರದ ಕಠಿಣ ಅಧ್ಯಾಯಗಳನ್ನೆಲ್ಲ ಅವನಿಗೆ ತಿದ್ದಿ ತೀಡಿ ಹೇಳಿಕೊಟ್ಟವಳು ಸ್ನೇಹಲ್‌ಳೇ. ಅವನ ಮುಖ ಕೆಂಪಾಗಿತ್ತು.

"ಅಕ್ಕಾ, ಕೀ ನೋಡೀರಿಲ್ಲೋ? ತೆರಿಗಿ ಪ್ರಶ್ನೇಕ ಐನೂರು ಅಂತ ಕೊಟ್ಟಾರ. ನಾ ನೀವು ಹೇಳಿಕೊಟ್ಟಂಗ ನಾಕನೂರು ಹಾಕೇನಿ. ಅದೊಂದು ಸಿಕ್ಕರ ನಂದು ಆಗತೈತ್ರಿ. ಇಲ್ಲಂದ್ರ ಇಲ್ಲ."

ಸ್ನೇಹಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಒಂದೇ ಪಟ್ಟಿ. ಗೆರೆಯ ಒಳಗೆ ಇವಳು, ಗೆರೆಯ ಹೊರಗೆ ಅವನು. ನಡುವೆ ಇರುವುದು ಒಂದೇ ಪ್ರಶ್ನೆ.

"ನೀವೂ ನಾಕನೂರ ಹಾಕಿರ್ತೀರಿ ಬಿಡ್ರಿ. ಇಬ್ಬರೂ ಕೂಡಿ ಆಕ್ಷೇಪಣಿ ಹಾಕೂಣು" ಎಂದ ಅವನು. ಕೇಳಲೂ ಇಲ್ಲ, ನಂಬಿಬಿಟ್ಟಿದ್ದ. ತಲೆಯನ್ನು ಹೂಂ ಎಂಬಂತೆಯೂ ಅಲ್ಲ, ಊಹೂಂ ಎಂಬಂತೆಯೂ ಅಲ್ಲ, ಹಾಗೆ ಆಡಿಸಿದಳು.

"ನಂದು ಬ್ಯಾರೆ ಪ್ರಶ್ನಿಗೆ ಹಾಕೂದೈತಿ. ಇದನ್ನ ನೀನ ಹಾಕು" ಎಂದಳು.

ಅಂಬರೀಷ ತಾನು ಬರೆದುಕೊಂಡು ಬಂದದ್ದನ್ನು ತೋರಿಸಿದ. ತೆರಿಗೆ ಗುಣಕದ ಸೂತ್ರ ಬರೆದು, ಅಂಕಿ ತುಂಬಿಸಿ, ಆದ್ದರಿಂದ ಉತ್ತರ ನಾನೂರು ಎಂದು ಕೆಳಗೆ ಗೆರೆ ಎಳೆದಿದ್ದ. ಅಷ್ಟೇ. ಹಿಂದಿನ ಸಲ ತಿರಸ್ಕೃತವಾದದ್ದೂ ಇಂಥದೇ ಬರಹ. ತಾವು ನಂಬಿದ ಹಳೆಯ ಗೈಡಿನಲ್ಲಿ ಬೇರೆ ಸೂತ್ರವಿದೆ ಎಂದು ಆಕ್ಷೇಪಣೆ ನೋಡುವ ತಜ್ಞರು ಪಕ್ಕಕ್ಕೆ ಸರಿಸಿದ್ದರು. ಸೂತ್ರಕ್ಕೆ ಸೂತ್ರ ಎದುರು ನಿಂತರೆ ಗೆಲ್ಲುವುದು ಕುರ್ಚಿಯಲ್ಲಿ ಕೂತವರ ಸೂತ್ರ. ಇದು ಹೋಗುವುದಿಲ್ಲ ಎಂದು ಸ್ನೇಹಲ್‌ಗೆ ನೋಡಿದ ಕೂಡಲೇ ತಿಳಿಯಿತು.

"ಛಲೋ ಐತಿ. ಇದನ್ನ ಕಳಿಸು" ಎಂದಳು.

ಸುಳ್ಳಾಡಿದಂತೆ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಉತ್ತರ ಸರಿಯೇ ಇದೆ, ಸೂತ್ರ ಸರಿಯೇ ಇದೆ, ತಾನೇನೂ ತಪ್ಪು ಹೇಳಿಕೊಟ್ಟಿಲ್ಲವಲ್ಲ. ಅವನಿಗೆ ವಯಸ್ಸಿದೆ. ಇನ್ನೊಂದು ಪರೀಕ್ಷೆ ಬಂದೇ ಬರುತ್ತದೆ. ತನಗೆ ಬರುವುದಿಲ್ಲ. ಹೀಗೆ ಒಂದರ ಮೇಲೊಂದು ಕಾರಣ ಜೋಡಿಸುತ್ತ ಚಹಾದಂಗಡಿಯವರೆಗೆ ಅವನ ಜೊತೆ ನಡೆದಳು. ಕಾರಣಗಳು ಒಂದೂ ಸುಳ್ಳಾಗಿರಲಿಲ್ಲ. ಅದೇ ಅವಳಿಗೆ ಸಂಕಟ.

ಅಂಬರೀಷ ಕಪ್ಪಿನ ಚಹಾ ಕೆಳಗಿನ ಬಶಿಗೆ ಸುರುವಿಕೊಂಡು, ಕುಡಿಯದೆ, ಕೇಳಿಯೇಬಿಟ್ಟ.

"ಅಕ್ಕಾ, ಖರೇ ಹೇಳ್ತೇನ್ರಿ. ನೀವು ಹೇಳಿದ್ರಿ ಅಂತ ನಾ ನಾಕನೂರು ಹಾಕಿದೆ. ನನಗ ತಿಳದಿಲ್ಲ. ಸರಕಾರ ನೂರು ಖರ್ಚು ಮಾಡಿದ್ರೂ ನೂರ, ತೆರಿಗಿ ನೂರು ಬಿಟ್ರೂ ನೂರ. ರೊಕ್ಕಾ ಅಷ್ಟ ಅಲ್ರಿ? ಮತ್ತ ಒಂದರಾಗ ಯಾಕ ಕಡಿಮಿ ಆಗಬೇಕು?"

ಇದನ್ನು ಅವನು ಕೇಳಬಾರದಿತ್ತು. ಬೇರೆ ಏನು ಕೇಳಿದ್ದರೂ ಸ್ನೇಹಲ್ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಿದ್ದಳೇನೋ. ಆದರೆ ಎದುರಿಗಿದ್ದವನಿಗೆ ಪಾಠ ತಿಳಿದಿಲ್ಲ ಎಂದರೆ ಸುಮ್ಮನಿರುವ ಸ್ವಭಾವ ಅವಳ ಮೈಯಲ್ಲೇ ಇರಲಿಲ್ಲ. ಅತಿಥಿ ಎಂದು ಕರೆದರೂ, ಸಂಬಳ ತಡವಾಗಿ ಕೊಟ್ಟರೂ, ಅವಳು ಒಳಗಿನಿಂದ ಮೇಷ್ಟ್ರು. ಬಶಿಯನ್ನು ಪಕ್ಕಕ್ಕೆ ಸರಿಸಿದಳು.

"ನಮ್ಮ ಗಬ್ಬೂರಾಗ ನೂರು ಕೋಟಿದು ರಸ್ತೆ ಮಾಡ್ಸಿದ್ರು ಅಂತ ತಿಳಿ. ರಸ್ತೆ ಅಂದ್ರ ಹೊಸದಾಗಿ ಹುಟ್ಟಿದ್ದು. ಗೌಂಡಿ ಕೂಲಿ, ಲಾರಿಯಂವನ ಬಾಡಗಿ, ಗುತ್ತಿಗಿದಾರನ ಲಾಭ, ಎಲ್ಲಾ ಕೂಡಿ ಆ ನೂರೂ ಮೊದಲನೇ ಸುತ್ತಿನ್ಯಾಗ ಯಾರದೋ ಗಳಿಕಿ ಆತು. ಆದಾಯಕ್ಕ ಪೂರ್ತಿ ನೂರು ಸೇರಿತು. ಅವರು ಅದರಾಗ ಎಂಬತ್ತು ಖರ್ಚು ಮಾಡ್ತಾರ. ಅದು ಅಂಗಡಿಯವರ ಗಳಿಕಿ. ಅಂಗಡಿಯವರು ಅದರಾಗ ಅರವತ್ನಾಕು. ಹಿಂಗ ಸಣ್ಣದಾಕ್ಕೋತ ಹೋಗಿ ಎಲ್ಲಾ ಕೂಡಿಸಿದ್ರ ಐನೂರು."

"ಹೂಂರಿ."

"ಇನ್ನ ತೆರಿಗಿ. ನಮ್ಮ ಕಾಲೇಜಿನ ರಜನಿ ಮೇಡಮ್ಮಾರು ಅದಾರಲ್ಲ, ಅಂಥಾವ್ರಿಗೆಲ್ಲಾ ಕೂಡಿ ನೂರು ಕೋಟಿ ಬಿಟ್ರು ಅಂತ ತಿಳಿ. ಅವರು ಅದಕ್ಕಂತ ಹೊಸದೇನರ ಮಾಡಿದ್ರೇನು? ನಿನ್ನಿ ಮಾಡಿದ್ದ ಪಾಠನ ಇವತ್ತೂ ಮಾಡ್ತಾರ. ನಾಡಿನ್ಯಾಗ ಹೊಸಾದು ಏನೂ ಹುಟ್ಟಲಿಲ್ಲ. ಸರಕಾರಕ್ಕ ಹೋಗೂ ರೊಕ್ಕ ಅವರ ಪಾಕೀಟಿನ್ಯಾಗ ಉಳೀತು, ಅಷ್ಟ. ಅವರು ಇಪ್ಪತ್ತು ಬ್ಯಾಂಕಿನ್ಯಾಗ ಇಟ್ರು. ಎಂಬತ್ತಕ್ಕ ಸೀರಿ ತಗೊಂಡ್ರು, ಮನಿಗೆ ಬಣ್ಣಾ ಹಚ್ಚಿಸಿದ್ರು. ಸೀರಿ ನೇಯ್ದಂವಗ, ಬಣ್ಣಾ ಹಚ್ಚಿದಂವಗ ಗಳಿಕಿ ಹುಟ್ಟೂದು ಆವಾಗ. ಸುತ್ತು ಶುರು ಆಗೂದ ಎಂಬತ್ತರಿಂದ. ಎಂಬತ್ತು, ಅರವತ್ನಾಕು, ಹಿಂಗ ಕೂಡಿಸಿದ್ರ ನಾಕನೂರು. ರಸ್ತೆದ ಲೆಕ್ಕಕ್ಕೂ ಇದಕ್ಕೂ ಏನ ಫರಕು ಹೇಳು?"

ಅಂಬರೀಷ ಬೆರಳು ಮಡಚಿ ಯೋಚಿಸಿದ. "ಮೊದಲನೇ ನೂರರಿ."

"ಅದ. ಮೊದಲನೇ ಸುತ್ತಿನ ನೂರು ಇಲ್ಲಿ ಇಲ್ಲ."

"ಆದ್ರ ಮೇಡಮ್ಮಾರು ಉಳಿಸಿದ್ದು ಇಪ್ಪತ್ತ ಅಲ್ರಿ? ಕಡಿಮಿ ಆಗಿದ್ದು ನೂರು ಹೆಂಗ?"

"ಇಪ್ಪತ್ತು ಮೊದಲ ಬಾಗಲದಾಗ ನಿಂತುಬಿಡ್ತು. ಅದು ಮುಂದ ಹೋಗಿದ್ರ ಅದರ ಹಿಂದ ಎಷ್ಟು ಸುತ್ತು ತಿರಗ್ತಿತ್ತು, ಅವೆಲ್ಲಾನೂ ನಿಂತುವು. ಇಪ್ಪತ್ತರದು ಐದು ಪಟ್ಟು ನೂರು."

ಅಂಬರೀಷನ ಮುಖ ಅರಳಿತು. ತಿಳಿದವನ ಮುಖ ಹೇಗಿರುತ್ತದೆಂದು ಕಲಿಸುವವರಿಗೆ ಗೊತ್ತು. ಆ ಗಳಿಗೆಯಲ್ಲಿ ಸ್ನೇಹಲ್ ತನ್ನ ಹುದ್ದೆಯನ್ನೂ ಅವ್ವನನ್ನೂ ಮರೆತು ಖುಷಿಪಟ್ಟಳು. ಖುಷಿ ಒಂದು ಗುಟುಕು ಚಹಾದಷ್ಟು ಹೊತ್ತೂ ಉಳಿಯಲಿಲ್ಲ.

"ಇದನ್ನ ಬರದುಕೊಡ್ರಿ ಅಕ್ಕಾ" ಎಂದ ಅವನು. "ನಂದು ಬರೇ ಸೂತ್ರ ಐತಿ. ಇದನ್ನ ಓದಿದ್ರ ಯಾವ ತಜ್ಞರೂ ಇಲ್ಲ ಅನ್ನೂದಿಲ್ಲ."

ಅವಳಿಗೂ ಅದು ಗೊತ್ತಿತ್ತು. ರಸ್ತೆಯ ಬದಿಗೆ ನೋಡಿದಳು. ಕೋಚಿಂಗ್ ಬಿಟ್ಟು ಹೊರಬಂದ ಹುಡುಗ ಹುಡುಗಿಯರು ಗುಂಪುಗುಂಪಾಗಿ ನಿಂತು ಉತ್ತರಗಳನ್ನೇ ಮಾತಾಡುತ್ತಿದ್ದರು. ಬರೆಯುವುದಿಲ್ಲ ಎನ್ನಬೇಕೆಂದರೆ ಕಾರಣ ಹೇಳಬೇಕು. ಹೇಳಲು ಇದ್ದ ಕಾರಣ ಒಂದೇ. ಅದನ್ನು ಹೇಳಲು ನಾಚಿಕೆ. ಬರೆದರೆ ತನ್ನ ಕೊರಳನ್ನು ತಾನೇ ಕುಯ್ದುಕೊಂಡಂತೆ. ಅವನ ಜೇಬಿನಲ್ಲಿದ್ದ ಪೆನ್ನು ಕೇಳಿ ತೆಗೆದುಕೊಂಡಳು. ಬರೆಯುತ್ತ ಹೋದಳು. ಒಂದು ಕಡೆಯೂ ಅಡ್ಡಗೆರೆ ಹಾಕಲಿಲ್ಲ. ಅರೆಮನಸ್ಸಿನಿಂದ ಬರೆಯಬಹುದಿತ್ತು. ಒಂದು ಹಂತ ಹಾರಿಸಿಬಿಟ್ಟಿದ್ದರೂ ಸಾಕಿತ್ತು. ಅದೂ ಅವಳಿಗೆ ಬರಲಿಲ್ಲ, ಏನು ಮಾಡುವುದು.

ಆಕ್ಷೇಪಣೆಗಳನ್ನು ನೋಡಿ ತಿದ್ದಿದ ಪರಿಷ್ಕೃತ ಕೀ ಬಂತು. ಉತ್ತರ ನಾನೂರು ಎಂದು ಬದಲಾಗಿತ್ತು. ಹಿಂದಿನ ಸಲ ಅವಳ ಸರಿಯುತ್ತರಕ್ಕೆ ಕಣ್ಣು ಮುಚ್ಚಿಕೊಂಡಿದ್ದ ತಜ್ಞರು ಈ ಸಲ ಕಣ್ಣು ತೆರೆದಿದ್ದರು. ಆಯ್ಕೆಪಟ್ಟಿಯ ಕೊನೆಯ ಭಾಗದಲ್ಲಿ ಅಂಬರೀಷನ ಹೆಸರಿತ್ತು. ಸ್ನೇಹಲ್‌ಳ ಹೆಸರು ಇರಲಿಲ್ಲ.

ಅಂದು ಅವಳು ಮನೆಗೆ ಬಂದಾಗ ಯಂಕವ್ವ ಓಣಿಯ ಇಬ್ಬರು ಹೆಂಗಸರ ನಡುವೆ ಕೂತು ಶೇಂಗಾ ಸುಲಿಯುತ್ತಿದ್ದಳು. ಮಗಳ ಮುಖ ನೋಡಿ ಕೈ ನಿಲ್ಲಿಸಿದಳು. ಹೆಂಗಸರು ತಾವಾಗಿಯೇ ಎದ್ದು ಹೋದರು.

"ಯಾಕ, ಏನಾತು? ಆಗೇತಿ ಅಂದಿದ್ದೆಲ್ಲ?"

"ಆಗಬೌದು ಅಂದಿದ್ದೆ. ಒಂದು ಉತ್ತರ ತಿದ್ದಿದ್ರು ಅವ್ವಾ."

"ಯಾರು ತಿದ್ದಿದ್ರು? ಅವರ ಕೈ ಬಿದ್ದು ಹೋಗಲಿ" ಎಂದು ಯಂಕವ್ವ ಶಾಪ ಹಾಕಿದಳು. ಸ್ನೇಹಲ್ ತನ್ನ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಗೋವಿಂದಪ್ಪ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟರು.

ಕಷ್ಟ ಅಲ್ಲಿಗೇ ಮುಗಿದಿದ್ದರೆ ಅದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಕಾಯಂ ಆದವರು ಯಾವ ಕಾಲೇಜಿಗೆ ಬರುತ್ತಾರೋ ಅಲ್ಲಿ ಅತಿಥಿಗಳಿಗೆ ಪಾಠವಿರುವುದಿಲ್ಲ. ಅಂಬರೀಷನಿಗೆ ಸ್ಥಳ ಆರಿಸಿಕೊಳ್ಳುವ ಸರದಿ ಬಂದಾಗ ಹತ್ತಿರದಲ್ಲಿ ಉಳಿದದ್ದು ಹುಬ್ಬಳ್ಳಿಯಲ್ಲಿ ಸ್ನೇಹಲ್ ಪಾಠ ಮಾಡುವ ಆ ಒಂದೇ ಕಾಲೇಜು. ಅಕ್ಕನೂ ಎಲ್ಲೋ ಆಯ್ಕೆಯಾಗಿದ್ದಾಳೆ, ಫೋನು ಎತ್ತದಿರುವುದು ಗಡಿಬಿಡಿಯಿಂದ, ಅವಳು ಬಿಟ್ಟ ಜಾಗಕ್ಕೇ ತಾನು ಹೋಗುತ್ತಿದ್ದೇನೆ ಎಂದುಕೊಂಡು ಅವನು ಸಂತೋಷದಿಂದಲೇ ಅದನ್ನು ಆರಿಸಿದ. ಪಟ್ಟಿಯಲ್ಲಿ ತನ್ನ ಹೆಸರು ಸಿಕ್ಕಮೇಲೆ ಮತ್ತೊಬ್ಬರ ಹೆಸರು ಹುಡುಕುವಷ್ಟು ಸಮಾಧಾನ ಯಾರಿಗಿರುತ್ತದೆ?

ವಿಭಾಗದ ಮುಖ್ಯಸ್ಥೆ ರಜನಿ ಮೇಡಮ್ ಸ್ನೇಹಲ್‌ಳನ್ನು ಕರೆದು ಕುರ್ಚಿ ತೋರಿಸಿದರು. ಒಳ್ಳೆಯ ಮನಸ್ಸಿನವರು, ಧಾರವಾಡದ ಹಳೆಯ ಮನೆತನದವರು. ಕೆಟ್ಟ ಸುದ್ದಿಯನ್ನೂ ಮೆತ್ತಗೆ ಹೇಳುವವರು.

"ಕೂಡ್ರಿ ಸ್ನೇಹಲ್. ಕಾಯಂ ಅವರು ಬಂದಾರ. ಇನ್ನ ನಿಮಗ ಕಾರ್ಯಭಾರ ಇಲ್ಲ ಅಂತ ಆಗ್ಯದ. ನನ್ನ ಕೈಯಾಗ ಏನೂ ಇಲ್ರಿ. ಇವತ್ತ ಒಂದು ತಾಸು ನಿಮ್ಮ ಪಾಠ ಅದ ಅಲ್ಲ, ಅದನ್ನ ಮುಗಿಸಿ, ಅವರಿಗೆ ಎಲ್ಲಾ ಒಪ್ಪಿಸಿಬಿಡ್ರಿ."

"ಆತ್ರಿ ಮೇಡಮ್" ಎಂದಳು ಸ್ನೇಹಲ್.

ಬಾಗಿಲಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಬರೀಷ ನಿಂತಿದ್ದ. ಅವಳನ್ನು ಕಂಡು ಅವನ ಬಾಯಗಲದ ನಗು ಹಾಗೇ ಅರ್ಧಕ್ಕೆ ನಿಂತಿತು.

"ಅಕ್ಕಾ, ನೀವು ಇನ್ನೂ ಇಲ್ಲೇ ಅದೀರಿ? ನಿಮಗ ಎಲ್ಲಿ ಹಾಕಿದ್ರು?"

"ಎಲ್ಲೂ ಇಲ್ಲೋ. ನನ್ನ ಹೆಸರು ಬರಲಿಲ್ಲ."

"ಹೆಂಗರಿ? ನಾಕನೂರಾತಲ್ರಿ? ನಮ್ಮಿಬ್ಬರದೂ..." ಎನ್ನುತ್ತ ಅವನು ಅವಳ ಮುಖವನ್ನೇ ನೋಡಿದ.

"ನಾ ಐನೂರು ಹಾಕಿದ್ದೆ" ಎಂದಳು ಸ್ನೇಹಲ್. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿ ಹಗುರವಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ.

"ನಿಮಗ ಗೊತ್ತಿತ್ತಲ್ರೀ ಅಕ್ಕಾ!"

"ಖರೇ ಏನು ಅನ್ನೂದು ಗೊತ್ತಿತ್ತು. ಅವರು ಏನ ಬರದಿರ್ತಾರ ಅನ್ನೂದೂ ಗೊತ್ತೈತಿ ಅಂದ್ಕೊಂಡೆ. ಅಲ್ಲೇ ಕೆಟ್ಟೆ."

ಅಂಬರೀಷನ ಕಣ್ಣು ತುಂಬಿ ಬಂತು. "ಹಂಗಾರ ಆಕ್ಷೇಪಣಿ ಯಾಕ ಬರಕೊಟ್ರಿ? ಬರದುಕೊಡೂದಿಲ್ಲ ಅಂದಿದ್ರ ಮುಗೀತಿತ್ತಲ್ರಿ."

"ನೀ ಯಾಕ ಕಡಿಮಿ ಅಂತ ಕೇಳಿದೆಲ್ಲ. ತಿಳದಿದ್ದು ಹೇಳದ ಇರಾಕ ಆಗಲಿಲ್ಲ ನನಗ" ಎಂದಳು. ಇನ್ನೊಂದು ಮಾತಾಡಿದರೆ ತಾನೂ ಅತ್ತುಬಿಡುತ್ತೇನೆಂದು ಹೆದರಿ ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ನಡೆದಳು.

ಅಂದಿನ ಪಾಠ ಸಮತೋಲಿತ ಬಜೆಟ್ಟು. ಅಂಬರೀಷ ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ತಲೆ ತಗ್ಗಿಸಿ ಕೂತ. ಸ್ನೇಹಲ್ ಬೋರ್ಡಿನ ಮೇಲೆ ಎರಡು ಸಾಲು ಬರೆದಳು. ಸರಕಾರ ನೂರು ಕೋಟಿ ಹೆಚ್ಚಿಗೆ ಖರ್ಚು ಮಾಡುತ್ತದೆ. ಅದೇ ನೂರು ಕೋಟಿಯನ್ನು ಜನರಿಂದ ಹೆಚ್ಚಿನ ತೆರಿಗೆಯಾಗಿ ವಸೂಲು ಮಾಡುತ್ತದೆ.

"ಹಂಗಾರ ಆದಾಯ ಎಷ್ಟು ಬದಲಾಗತೈತಿ?" ಎಂದು ಕೇಳಿದಳು.

"ಸೊನ್ನಿ ಮೇಡಮ್" ಎಂದಿತು ಇಡೀ ತರಗತಿ. "ಈ ಕೈಯಿಂದ ಕೊಟ್ಟು ಆ ಕೈಯಿಂದ ತಗೊಂಡಂಗ ಆತಲ್ರಿ."

"ಎಲ್ಲಾರಿಗೂ ಹಂಗ ಅನಸತೈತಿ. ಹೋದ ಪಾಠದ ಎಂಬತ್ತು ಪೈಸಾ ಲೆಕ್ಕದಾಗ ಖರ್ಚಿನಿಂದ ಐನೂರು ಏರಿತು. ತೆರಿಗಿಯಿಂದ ನಾಕನೂರು ಇಳೀತು. ಉಳಿದದ್ದು ಎಷ್ಟು?"

"ನೂರು" ಎಂದಳು ಮುಂದಿನ ಬೆಂಚಿನ ಒಬ್ಬ ಹುಡುಗಿ, ಅಚ್ಚರಿಯಿಂದ. "ಮೊದಲನೇ ಸುತ್ತಿಂದು."

"ಹೌದು. ಮೊದಲನೇ ಸುತ್ತಿಂದು. ಕೊಟ್ಟದ್ದೂ ತಗೊಂಡದ್ದೂ ಅಷ್ಟಕ್ಕಷ್ಟ ಇದ್ರೂ ಲೆಕ್ಕ ಸೊನ್ನಿ ಆಗೂದಿಲ್ಲ. ಇಷ್ಟು ನೆನಪಿಟ್ಟುಕೋರಿ."

ಗಂಟೆ ಹೊಡೆಯಿತು. ಸ್ನೇಹಲ್ ಬೋರ್ಡು ಒರೆಸಿ, ಉಳಿದ ಸೀಮೆಸುಣ್ಣದ ತುಂಡನ್ನು ಅಂಬರೀಷನ ಕೈಗೆ ಕೊಟ್ಟಳು. ನಾಳೆಯಿಂದ ಈ ಸರ್ ಬರುತ್ತಾರೆ ಎಂದು ಮಕ್ಕಳಿಗೆ ಹೇಳಿದಳು. ಮುಂದಿನ ಬೆಂಚಿನ ಆ ಹುಡುಗಿ ಎದ್ದು ನಿಂತು, "ಮತ್ತ ನೀವು ಯಾವ ಕ್ಲಾಸಿಗೆ ಬರ್ತೀರಿ ಮೇಡಮ್?" ಎಂದು ಕೇಳಿದಳು. ಸ್ನೇಹಲ್‌ಗೆ ಅದರ ಉತ್ತರ ಗೊತ್ತಿತ್ತು. ಹಾಜರಿ ಪುಸ್ತಕವನ್ನೂ ಅಂಬರೀಷನ ಮುಂದಿಟ್ಟು ಹೊರಗೆ ನಡೆದಳು.